ಅಂಗಡಿಯ ಬೆಂಚಿನ ಮೇಲೆ ನುಂಗಿದ ಮಾತ್ರೆ

ಓಬಕ್ಕ ಮಾತ್ರೆಯ ಶೀಟನ್ನು ತಿರುಗಿಸಿ ಮುರುಗಿಸಿ ನೋಡಿ ಮತ್ತೆ ಕೌಂಟರಿನ ಮೇಲೆ ಇಟ್ಟಳು. ಎಡಗೆನ್ನೆ ಊದಿಕೊಂಡಿತ್ತು. ಸೆರಗಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿದೇ ಮಾತಾಡಿದಳು.

"ಸಂಗಮೇಶಣ್ಣ, ಇದು ಪೆನ್ಸಿಲಿನ್ ಜಾತಿದಾ?"

"ಹೂಂ, ಅದೇ ಜಾತಿದು. ಹಲ್ಲಿನ ಡಾಕ್ಟ್ರು ಬರ್ದಾರಲ್ಲ."

"ನಂಗದು ಆಗಂಗಿಲ್ಲ. ಅವ್ರು ಕೇಳ್ಲಿಲ್ಲ, ನಂಗೂ ಬಾಯಿ ನೋವಲ್ಲಿ ನೆಪ್ಪಾಗ್ಲಿಲ್ಲ. ಈಗ ಹೋದ್ರೆ ಬಾಗ್ಲು ಹಾಕ್ಕಂಡು ಹೋಗವ್ರೆ. ಬೇರೆ ಏನಾರ ಕೊಡು."

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಸಂಗಮೇಶ ಮೆಡಿಕಲ್ ಶಾಪ್ ಇಟ್ಟು ಹನ್ನೆರಡು ವರ್ಷವಾಗಿತ್ತು. ಮನೆ ಚಳ್ಳಕೆರೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲೇ ಹಿಂದಿರುಗುತ್ತಿದ್ದ. ಓಬಕ್ಕ ಹಳೆಯ ಗಿರಾಕಿ. ಅವಳೂ ಅವಳ ಗಂಡ ಶಿವರಾಮನೂ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಹಲ್ಲಿನ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಉತ್ತರ ಸಿಗುತ್ತಿತ್ತು. ಸಂಗಮೇಶನ ಮೊಬೈಲಿನಲ್ಲಿ ಆ ನಂಬರೂ ಇತ್ತು.

ಅವನು ಫೋನ್ ಮಾಡಲಿಲ್ಲ. ನಕ್ಕ.

"ಏನಾಗಿತ್ತು ಹೇಳು."

"ಚಳ್ಳಕೆರೇಲಿ ಗಂಟ್ಲು ನೋವಿಗೆ ಕೊಟ್ಟಿದ್ರು. ಅಲ್ಲೇ ನುಂಗಿ ಬಸ್ ಹತ್ತಿದ್ನಾ? ಬಿ.ಜಿ. ಕೆರೆ ಬರೋದ್ರೊಳಗೆ ಮೈಯೆಲ್ಲ ದದ್ದು. ತುಟಿ ಇಷ್ಟು ದಪ್ಪ. ಬಸ್ಸಲ್ಲೇ ವಾಂತಿ ಮಾಡ್ಕಂಡೆ. ಕಂಡಕ್ಟ್ರು ಇಳಿಸಿ ಆಸ್ಪತ್ರೆಗೆ ಕಳ್ಸಿದ್ರು. ಅಲ್ಲಿ ಡಾಕ್ಟ್ರು ಅಂದ್ರು, ಇನ್ಮೇಲೆ ಆ ಜಾತಿ ಮಾತ್ರೆ ಮುಟ್ಬೇಡ ಅಂತ."

ಮುಂದೆ ಎಷ್ಟೋ ಸಲ ಸಂಗಮೇಶ ಈ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡ. ಅವಳು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಅಂದು ಅವನ ಕಿವಿಗೆ ಬಿದ್ದದ್ದು 'ದದ್ದು' ಎಂಬ ಒಂದೇ ಮಾತು.

ಅದಕ್ಕೆ ಕಾರಣ ಅವನ ಮಗಳು. ದಿವ್ಯಶ್ರೀ ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಇದೇ ಪೆನ್ಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರು. ಐದನೇ ದಿನ ಹೊಟ್ಟೆ, ಬೆನ್ನಿನ ಮೇಲೆ ಕೆಂಪು ಚುಕ್ಕೆಗಳೆದ್ದವು. ಚಪ್ಪಟೆ ಚುಕ್ಕೆ, ಹೆಚ್ಚು ತುರಿಕೆಯಿಲ್ಲ. ಮಗು ಆಡಿಕೊಂಡೇ ಇತ್ತು. ಆದರೂ 'ಪೆನ್ಸಿಲಿನ್ ಅಲರ್ಜಿ' ಎಂಬ ಹಣೆಪಟ್ಟಿ ಅಂಟಿತು. ವರ್ಷಗಟ್ಟಲೆ ಸಣ್ಣ ಗಂಟಲು ನೋವಿಗೂ ಬೇರೆ ಔಷಧಿ ಹುಡುಕಬೇಕಾಯಿತು. ಹೋದ ವರ್ಷ ದಾವಣಗೆರೆಯ ಒಬ್ಬ ಮಕ್ಕಳ ತಜ್ಞೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ದದ್ದು ಎಷ್ಟು ದಿನಕ್ಕೆ ಬಂತು? ಬೊಬ್ಬೆ ಎದ್ದಿತೇ? ಬಾಯಲ್ಲಿ, ಕಣ್ಣಲ್ಲಿ ಹುಣ್ಣಾಗಿತ್ತೇ? ಚರ್ಮ ಸುಲಿಯಿತೇ? ಮುಖ ಊದಿತೇ? ಉಸಿರು ಕಟ್ಟಿತೇ? ಎಲ್ಲದಕ್ಕೂ ಇಲ್ಲ ಎಂದ ಮೇಲೆ, ಅದು ಜ್ವರದ ವೈರಸ್ಸಿನ ದದ್ದೇ ಇರಬೇಕು ಎಂದು, ಹುಡುಗಿಯನ್ನು ಆಸ್ಪತ್ರೆಯಲ್ಲಿ ಕೂರಿಸಿ ಅದೇ ಸಿರಪ್ಪನ್ನು ಮೊದಲು ಒಂದಿಷ್ಟು, ಆಮೇಲೆ ಉಳಿದ ಡೋಸು ಕುಡಿಸಿ, ಗಂಟೆಗಟ್ಟಲೆ ನೋಡಿದರು. ಏನೂ ಆಗಲಿಲ್ಲ. ಹಣೆಪಟ್ಟಿ ಕಿತ್ತುಹಾಕಿದರು.

"ಹಿಂಗೆ ಹೇಳ್ಕೊಳ್ಳೋ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ನಿಜವಾದ ಅಲರ್ಜಿ ಇರೋದಿಲ್ಲ," ಎಂದಿದ್ದರು ಆ ತಜ್ಞೆ. ಅಂದಿನಿಂದ ಸಂಗಮೇಶ ಅಂಗಡಿಗೆ ಬಂದವರಿಗೆಲ್ಲ ಈ ಮಾತನ್ನು ಹಂಚುತ್ತಿದ್ದ. ಮಾತು ನಿಜವೇ. ಹತ್ತನೆಯವರು ಎದುರಿಗೇ ನಿಂತಿರಬಹುದೆಂದು ಮಾತ್ರ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅದೆಲ್ಲ ಸುಮ್ನೆ ದದ್ದು ಕಣಕ್ಕ," ಎಂದ. "ನನ್ ಮಗ್ಳಿಗೂ ಹಿಂಗೇ ಹೆದ್ರುಸಿಬಿಟ್ಟಿದ್ರು. ಭಯ ಇದ್ರೆ ಒಂದ್ಕೆಲ್ಸ ಮಾಡು. ಇಲ್ಲೇ ನನ್ನೆದುರಿಗೇ ನುಂಗು. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿರು. ದೊಡ್ಡಾಸ್ಪತ್ರೇಲೂ ಹಿಂಗೇ ಮಾಡ್ತಾರೆ."

"ಹೌದಾ?"

"ನಾನೇ ಕಣ್ಣಾರೆ ನೋಡೀನಲ್ಲ!"

ನೋಡಿದ್ದೇನೋ ನಿಜ. ಅಲ್ಲಿ ಹುಡುಗಿಯ ಪಕ್ಕದ ಟ್ರೇಯಲ್ಲಿ, ಅಲರ್ಜಿ ಏರಿದರೆ ಕೂಡಲೇ ಚುಚ್ಚಲು ಅಡ್ರಿನಲಿನ್ ಇಂಜೆಕ್ಷನ್ ಸಿದ್ಧವಿತ್ತು. ಆಮ್ಲಜನಕ ಕೈಗೆಟುಕುವಲ್ಲಿತ್ತು. ಅದಕ್ಕಿಂತ ಮುಖ್ಯವಾಗಿ, ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ 'ಹೌದು' ಎಂದಿದ್ದರೂ ಆ ತಜ್ಞೆ ಹಾಗೆ ಕುಡಿಸುತ್ತಿರಲಿಲ್ಲ. ಆ ಪರೀಕ್ಷೆಯಿಂದ ಸಂಗಮೇಶ ಕಲಿತು ಬಂದದ್ದು ಬೆಂಚಿನ ಮೇಲೆ ಕೂರಿಸಿ ನೀರು ಕೊಡುವುದನ್ನು ಮಾತ್ರ.

ಓಬಕ್ಕ ಅವನ ಮುಖ ನೋಡಿದಳು. ಮಾತ್ರೆ ನುಂಗಿದಳು. ನೀರು ಕುಡಿದು ಬೆಂಚಿನ ಮೇಲೆ ಕೂತಳು.

ಸಂಗಮೇಶ ಇನ್ನೊಬ್ಬರಿಗೆ ಬಿ.ಪಿ. ಮಾತ್ರೆ ಕಟ್ಟಿಕೊಟ್ಟು ತಿರುಗುವಷ್ಟರಲ್ಲಿ ಅವಳು ಅಂಗೈ ಕೆರೆದುಕೊಳ್ಳುತ್ತಿದ್ದಳು.

"ಏನಕ್ಕ, ಸೀರೆ ಬಣ್ಣ ಕೈಗೆ ಹತ್ಕಂಡೈತಾ?"

ಅವಳು ನಗಲಿಲ್ಲ. ಕತ್ತಿನ ಮೇಲೆ ಉಬ್ಬು ಗಂದೆಗಳು ಏಳತೊಡಗಿದ್ದವು. ಮಗಳ ಮೈಮೇಲಿದ್ದಂಥ ಚಪ್ಪಟೆ ಚುಕ್ಕೆಗಳಲ್ಲ, ಸೊಳ್ಳೆ ಕಡಿದಂತೆ ಎದ್ದು ಒಂದಕ್ಕೊಂದು ಕೂಡಿಕೊಳ್ಳುವ ದಪ್ಪ ದದ್ದು. ಸಂಗಮೇಶನ ಕೈ ತಾನಾಗಿ, ದದ್ದಿಗೆ ಕೊಡುವ ಸೆಟ್ರಿಜಿನ್ ಡಬ್ಬಿಯ ಕಡೆ ಹೋಯಿತು. ಅದನ್ನು ತೆರೆಯುವಾಗ ಅವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು.

"ಅಣ್ಣ, ಗಂಟ್ಲು..."

ಧ್ವನಿ ಅವಳದಾಗಿರಲಿಲ್ಲ. ಒಡೆದು ಗೊಗ್ಗರಾಗಿತ್ತು. ಕೆಳತುಟಿ ಊದಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ಬಾಗಿ ಅಲ್ಲೇ ವಾಂತಿ ಮಾಡಿದಳು.

ಡಬ್ಬಿ ಅವನ ಕೈಯಿಂದ ಜಾರಿತು. ದದ್ದಿನ ಮಾತ್ರೆಯಿಂದ ತುರಿಕೆ ತಗ್ಗೀತು, ಮುಚ್ಚಿಕೊಳ್ಳುವ ಗಂಟಲು ತೆರೆಯುವುದಿಲ್ಲ. ಇದು ಅವನಿಗೆ ಗೊತ್ತಿದ್ದ ವಿಷಯ. ಗೊತ್ತಿದ್ದ ಎಲ್ಲವೂ ಈಗ, ಹೊತ್ತು ಮೀರಿದ ಮೇಲೆ, ಒಟ್ಟಿಗೆ ನೆನಪಾಯಿತು. ದಿನಾ ಓಡಾಡುವ ದಾರಿ ಅದು. ಚಳ್ಳಕೆರೆಯಲ್ಲಿ ಹತ್ತಿದ ಬಸ್ಸು ಬಿ.ಜಿ. ಕೆರೆಗೆ ಬರಲು ಒಂದು ಗಂಟೆ ಬೇಕಿಲ್ಲ. ಮಗಳಿಗೆ ಐದು ದಿನ, ಇವಳಿಗೆ ಒಂದು ಗಂಟೆಯೊಳಗೆ. ತುಟಿ ಊದಿತ್ತು ಎಂದಿದ್ದಳು. ವಾಂತಿ ಎಂದಿದ್ದಳು.

"ಚಂದ್ರಣ್ಣಾ! ಆಟೋ ತಗಂಬಾರೋ!"

ಸ್ಟ್ಯಾಂಡಿನ ಚಂದ್ರಣ್ಣ ಆಟೋ ತಿರುಗಿಸಿ ಅಂಗಡಿಯ ಮುಂದೆ ತಂದ. ಓಬಕ್ಕ ಎದ್ದು ನಡೆಯಲು ಹೋದಳು.

"ಬ್ಯಾಡ, ಎದ್ದೇಳ್ಬೇಡ! ಹಿಡ್ಕಳೋ ಚಂದ್ರಣ್ಣ, ಎತ್ಕಂಡೇ ಹೋಗಾಣ."

ಬೆವರಿ ತಣ್ಣಗಾದ ಮೈ. ಇಬ್ಬರೂ ಎತ್ತಿ ಸೀಟಿನಲ್ಲಿ ಪಕ್ಕಕ್ಕೆ ಮಲಗಿಸಿದರು. ಸಂಗಮೇಶ ಅವಳ ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಒಂದು ಕೈಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಫೋನ್ ಹಚ್ಚಿದ.

"ಡಾಕ್ಟ್ರೇ, ಅಮಾಕ್ಸಿಸಿಲಿನ್ ನುಂಗಿ ಕಾಲು ಗಂಟೆ ಆಗಿಲ್ಲ. ಮೈಯೆಲ್ಲ ಗಂದೆ, ಧ್ವನಿ ಹೋಗೈತೆ, ಉಸಿರು ಎಳೀತಾವ್ಳೆ. ಬರ್ತಾ ಇದೀವಿ."

"ನಾನ್ ಸಾಯ್ತೀನಾ ಅಣ್ಣ?" ಎಂದಳು ಓಬಕ್ಕ. ಅವನು ಮುಂದಕ್ಕೆ ಬಾಗಿ, "ಜೋರಾಗ್ ಹೊಡಿಯೋ ಚಂದ್ರಣ್ಣ!" ಎಂದು ಕೂಗಿದ.

ಆಸ್ಪತ್ರೆಯ ಡಾಕ್ಟರ್ ದುರುಗೇಶ್ ಬಾಗಿಲಲ್ಲೇ ಸಿರಿಂಜ್ ಹಿಡಿದು ನಿಂತಿದ್ದರು. ಹಾಸಿಗೆಗೆ ಹಾಕಿದ್ದೇ ತಡ, ತೊಡೆಯ ಹೊರಮಗ್ಗುಲಿಗೆ ಅರ್ಧ ಎಂ.ಎಲ್. ಅಡ್ರಿನಲಿನ್ ಚುಚ್ಚಿದರು. ಆಮ್ಲಜನಕ ಹಾಕಿಸಿದರು, ಸಲೈನ್ ಜೋರಾಗಿ ಬಿಡಿಸಿದರು. ಬಿ.ಪಿ. ತೀರಾ ಕೆಳಗಿತ್ತು. ಐದು ನಿಮಿಷ ನೋಡಿದರು. ಉಸಿರಿನ ಸಿಳ್ಳೆ ನಿಲ್ಲಲಿಲ್ಲ. ಇನ್ನೊಂದು ಅಡ್ರಿನಲಿನ್ ಕೊಟ್ಟರು. ನರ್ಸ್ ದದ್ದಿಗೆ ಕೊಡುವ ಏವಿಲ್ ಇಂಜೆಕ್ಷನ್ ಮುಂದೆ ಮಾಡಿದಾಗ, "ಆಮೇಲೆ, ಮೊದ್ಲು ಇದು," ಎಂದರು.

ಮೆಲ್ಲಗೆ ಅವಳ ಎದೆ ಹಗುರಾಗಿ ಏಳತೊಡಗಿತು. ಬಿ.ಪಿ. ಏರಿತು. ಸಂಗಮೇಶ ಗೋಡೆಗೊರಗಿ ನಿಂತು ನೋಡುತ್ತಿದ್ದ.

"ನಾಳೆವರೆಗೆ ಇಲ್ಲೇ ಇರ್ಲಿ," ಎಂದರು ಡಾಕ್ಟರ್. "ಇದು ಇಳಿದ ಹಾಗೆ ಕಂಡು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು. ಮುಂಚೆ ಯಾವಾಗಾದ್ರೂ ಹಿಂಗಾಗಿತ್ತಾ, ಗೊತ್ತಾ ನಿಮಗೆ?"

ಸಂಗಮೇಶ ಉತ್ತರಿಸುವ ಮೊದಲೇ ಶಿವರಾಮ ಓಡಿ ಬಂದ. ಅಂಗಿಯ ಮೇಲೆ ರೇಷ್ಮೆ ಎಳೆಗಳು ಅಂಟಿಕೊಂಡಿದ್ದವು. "ಏಮಾಯಿಂದೇ ನೀಕು?" ಏನಾಯಿತೇ ನಿನಗೆ ಎಂದು ಮನೆಮಾತು ತೆಲುಗಿನಲ್ಲಿ ಕೇಳುತ್ತ ಹೆಂಡತಿಯ ಕೆನ್ನೆ ಮುಟ್ಟಿದ. ಅವಳು ಕಣ್ಣು ಮಿಟುಕಿಸಿದಳು. ಚಂದ್ರಣ್ಣ ಹೊರಗೆ ಏನು ಹೇಳಿದ್ದನೋ, ಶಿವರಾಮ ತಿರುಗಿ ಸಂಗಮೇಶನ ಎರಡೂ ಕೈ ಹಿಡಿದುಕೊಂಡ.

"ನಿಮ್ ಋಣ ಹೆಂಗ್ ತೀರಿಸ್ಲಿ ಅಣ್ಣ? ನೀವು ಎತ್ಕಂಡು ಬರ್ಲಿಲ್ಲ ಅಂದಿದ್ರೆ..."

ಸಂಗಮೇಶ ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಚೀಟಿ ಬರೆದವರು ಹಲ್ಲಿನ ಡಾಕ್ಟರು. ಕೇಳದೇ ಬರೆದವರು ಅವರು. ಅವನು ಚೀಟಿಯಂತೆ ಔಷಧಿ ಕೊಟ್ಟ ಅಂಗಡಿಯವನು, ಮೇಲಾಗಿ ಜೀವ ಉಳಿಸಿದವನು. ಒಂದು ಗಳಿಗೆ ಸಂಗಮೇಶ ಆ ಕಥೆಯೊಳಗೆ ನಿಂತು ನೋಡಿದ. ಶಿವರಾಮನ ಕೈ ಬೆಚ್ಚಗಿತ್ತು. ಮಂಚದ ಮೇಲಿದ್ದ ಓಬಕ್ಕ ಅವನನ್ನೇ ನೋಡುತ್ತಿದ್ದಳು. ಮಾಸ್ಕಿನೊಳಗೆ ಅವಳು ಏನನ್ನೂ ಹೇಳಲಾರಳು.

ಅವನು ಕೈ ಬಿಡಿಸಿಕೊಂಡ.

"ಹಂಗನ್ಬೇಡ ಶಿವರಾಮ. ಆಗಲ್ಲ ಅಂತ ಓಬಕ್ಕ ನಂಗೆ ಹೇಳಿದ್ಲು. ಮುಂಚೆ ಇದೇ ಜಾತಿ ಮಾತ್ರೆ ನುಂಗಿ ಗಂಟೆಯೊಳಗೆ ಬಸ್ಸಲ್ಲಿ ದದ್ದೆದ್ದಿದ್ದು, ತುಟಿ ಊದಿದ್ದು, ವಾಂತಿ ಆಗಿದ್ದು, ಎಲ್ಲಾ ಹೇಳಿದ್ಲು. ನಾನೇ ಏನೂ ಆಗಲ್ಲ ಅಂತ ನುಂಗ್ಸಿದೆ. ಬೆಂಚಿನ ಮೇಲೆ ಕೂರ್ಸಿ, ನೀರು ಕೊಟ್ಟು."

ಶಿವರಾಮ ಹೆಂಡತಿಯ ಕಡೆ ತಿರುಗಿ ನೋಡಿದ. ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು.

"ಅಷ್ಟು ಸಾಕಿತ್ತಲ್ರೀ ಸಂಗಮೇಶ್," ಎಂದರು. ಧ್ವನಿ ಏರಲಿಲ್ಲ. "ಗಂಟೆಯೊಳಗೆ, ದದ್ದು, ತುಟಿ, ವಾಂತಿ. ಇಷ್ಟು ಕೇಳಿದ ಮೇಲೆ ಕೊಡೋ ಹಾಗೇ ಇಲ್ಲ. ಹಳೇ ಅಲರ್ಜಿ ಹೋಗೈತಾ ಅಂತ ನೋಡ್ಬೇಕಂದ್ರೆ ಅದಕ್ಕೆ ಆಸ್ಪತ್ರೆ ಐತೆ, ಪರೀಕ್ಷೆ ಐತೆ."

"ಗೊತ್ತು ಸಾರ್."

"ಗೊತ್ತಿದ್ದೂ ಯಾಕೆ?"

"ನನ್ ಮಗಳದ್ದು ಸುಳ್ಳಾಗಿತ್ತು, ಸಾರ್. ಎಲ್ಲರದ್ದೂ ಸುಳ್ಳು ಅನ್ಕಂಡೆ."

ಶಿವರಾಮ ಅವನ ಕಡೆ ನೋಡದೆ ಹೆಂಡತಿಯ ಕಾಲ ಬಳಿ ಹೋಗಿ ಕೂತ. "ಅವ್ಳು ಮನೇಲಿ ನನ್ ಮಾತೂ ನಂಬಲ್ಲ," ಎಂದ. "ಮಗ್ಗದ ಸಾಮಾನು ತಂದ್ರೂ ನೂರು ಪ್ರಶ್ನೆ ಕೇಳ್ತಾಳೆ. ನಿಮ್ ಮಾತು ನಂಬಿದ್ಲು." ಬೈದಿದ್ದರೆ ಸಂಗಮೇಶನಿಗೆ ಹಗುರಾಗುತ್ತಿತ್ತು.

ಓಬಕ್ಕ ಮಾಸ್ಕನ್ನು ಸ್ವಲ್ಪ ಸರಿಸಿದಳು. ನರ್ಸ್ ತಡೆಯುವ ಮೊದಲೇ, ಇನ್ನೂ ಗೊಗ್ಗರಾಗಿದ್ದ ಧ್ವನಿಯಲ್ಲಿ ಕೇಳಿದಳು: "ಹಂಗಾರೆ ನಂದು ನಿಜವಾದ್ದೇನಾ?"

"ನಿಜವಾದ್ದೇ ಕಣಕ್ಕ."

"ನಾನೇ ಸುಮ್ನೆ ಹೆದ್ರಿಕಂಡಿದ್ನೇನೋ ಅನ್ಕಂಡೆ," ಎಂದು ಕಣ್ಣು ಮುಚ್ಚಿದಳು.

ಡಾಕ್ಟರ್ ಕುರ್ಚಿ ಎಳೆದುಕೊಂಡು ಹಾಳೆ ಬಿಚ್ಚಿದರು. "ಇದನ್ನ ಸರಿಯಾಗಿ ಬರೆದು ಅವರ ಕೈಗೆ ಕೊಡ್ಬೇಕು. ಬರೀ 'ಅಲರ್ಜಿ' ಅಂತಲ್ಲ. ಅವರು ನಿಮಗೆ ಹೇಳಿದ್ದು ಏನು? ಅವರ ಮಾತಲ್ಲೇ ಹೇಳಿ, ಒಂದೂ ಬಿಡಬೇಡಿ."

ಸಂಗಮೇಶ ನಿಂತೇ ಹೇಳತೊಡಗಿದ. ಶಿವರಾಮನೂ ಕೇಳಿಸಿಕೊಳ್ಳುತ್ತಿದ್ದ. ತುಟಿ ಊದಿದ್ದರ ತನಕ ಬಂದು ಮಾತು ನಿಲ್ಲಿಸಿ ಮಂಚದ ಕಡೆ ನೋಡಿದ. ಡಾಕ್ಟರ್ ತಲೆ ಎತ್ತಲಿಲ್ಲ, ಪೆನ್ನು ಹಾಳೆಯ ಮೇಲೇ ಕಾಯುತ್ತಿತ್ತು.

"ಆಮೇಲೆ?" ಎಂದರು.