ಎರಡೂ ತೂತಿನಲ್ಲಿ ಹತ್ತಿದ ಟೆಸ್ಟರ್

ರಾಜಮಹ್ಮದನ ಅಂಗಿ ಜೇಬಿನಲ್ಲಿ ಪೆನ್ನು ಇದ್ದದ್ದನ್ನು ಇಳಕಲ್ಲಿನಲ್ಲಿ ಯಾರೂ ಕಂಡಿಲ್ಲ. ಅಲ್ಲಿರುವುದು ಟೆಸ್ಟರ್. ಹಿಡಿಕೆಯೊಳಗೆ ಪುಟ್ಟ ದೀಪವಿರುವ, ತುದಿ ಸವೆದು ತೆಳ್ಳಗಾದ ಸ್ಕ್ರೂಡ್ರೈವರು. ಮದುವೆಗೆ ಹೋದರೂ ಅದು ಜೊತೆಗೆ, ನಮಾಜಿಗೆ ಹೋದರೂ ಜೊತೆಗೆ. ತುದಿಯನ್ನು ವೈರಿಗೆ ಮುಟ್ಟಿಸಿ, ಹಿಂದೆ ಬೆರಳಿಟ್ಟು, ದೀಪ ಹತ್ತಿದರೆ "ಐತಿ" ಎನ್ನುವನು, ಹತ್ತದಿದ್ದರೆ "ಇಲ್ಲ" ಎನ್ನುವನು. ಆ ತೀರ್ಪಿನ ಮೇಲೆ ಯಾರೂ ಮಾತಾಡುವ ಹಾಗಿಲ್ಲ.

ಇತ್ತೀಚೆಗೆ ಅವನಿಗೆ ಇನ್ನೊಂದು ಹೆಮ್ಮೆ ಕೂಡಿಕೊಂಡಿತ್ತು. ಅದು ಮಗಳು ಅರ್ಜು. ಬಾಗಲಕೋಟೆಯಲ್ಲಿ ಐಟಿಐ ಮುಗಿಸಿ ಬಂದವಳು ಬೇರೆಲ್ಲೂ ಹೋಗದೆ ಅಪ್ಪನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಳು. ನೇಕಾರ ಓಣಿಯಲ್ಲಿ ನೀಲಾಬಾಯಿ ಹೊಸದಾಗಿ ಕಟ್ಟಿಸಿದ ಮನೆಯ ವೈರಿಂಗು ಪೂರ್ತಿ ಅವಳದೇ. ಗೋಡೆಯಲ್ಲಿ ಪೈಪು ಹೂತದ್ದು, ವೈರು ಎಳೆದದ್ದು, ಬೋರ್ಡು ಕಟ್ಟಿದ್ದು ಎಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ರಾಜಮಹ್ಮದ, "ಇಡೀ ಮನಿ ನನ್ನ ಮಗಳು ಕಟ್ಯಾಳ್ರಿ" ಎಂದು ಕೇಳಿದವರಿಗೂ ಹೇಳಿದ, ಕೇಳದವರಿಗೆ ಇನ್ನೂ ಜೋರಾಗಿ ಹೇಳಿದ.

ಒಂದು ಸ್ಕ್ರೂ ಮಾತ್ರ ಅವಳದಲ್ಲ. ಅವನಿಗೆ ಕಸುಬು ಕಲಿಸಿದ ಖಾಸಿಂಸಾಬ ಹಾಕಿಕೊಟ್ಟ ಪದ್ಧತಿಯೊಂದಿತ್ತು: ವೈರಿಂಗು ಯಾರೇ ಮಾಡಲಿ, ಕರೆಂಟು ಕೊಡುವ ದಿನ ಮೇನ್ ಬಾಕ್ಸಿನ ಕೊನೆಯ ಸ್ಕ್ರೂ ಬಿಗಿಯುವುದು ಉಸ್ತಾದನ, ಅಂದರೆ ಕಸುಬು ಕಲಿಸಿದವನ, ಕೈ. ಬಾಕ್ಸಿನೊಳಗೆ, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ಹಿತ್ತಾಳೆ ಪಟ್ಟಿಯ ಸಾಲಿನಲ್ಲಿ ಮೊದಲನೇ ಸ್ಕ್ರೂ ಅದು; ಬಿಗಿಯುವುದು ಮಾತ್ರ ಕೊನೆಗೆ. ರಾಜಮಹ್ಮದ ಮಗಳನ್ನು ಪಕ್ಕಕ್ಕೆ ಸರಿಸಿ, "ಬಿಸ್ಮಿಲ್ಲಾ" ಎಂದು, ಜೇಬಿನ ಟೆಸ್ಟರ್ ತೆಗೆದು ಅದರಿಂದಲೇ ತಿರುವಿದ್ದ. ಫ್ಯಾನು ತಿರುಗಿತು, ನೀಲಾಬಾಯಿ ಎಲ್ಲರಿಗೂ ಪೇಡೆ ಹಂಚಿದಳು.

ಅದೇ ನೀಲಾಬಾಯಿ ಇಂದು ಬೆಳಿಗ್ಗೆ ಫೋನು ಮಾಡಿ, "ರಾಜಣ್ಣ, ಲಗೂನ ಬಾ. ಮನಿ ತುಂಬ ಕರೆಂಟಿಲ್ಲ. ನನ್ನ ಮೈದುನ ಗ್ವಾಡಿ ಒಡೀತೇನಂತಾನ" ಎಂದಳು.

ಮೈದುನ ಕಾಶಪ್ಪನಿಗೆ ಕುಳಗೇರಿ ಕ್ರಾಸಿನಲ್ಲಿ ಮೋಟಾರು ರಿಪೇರಿ ಅಂಗಡಿ. ಅಪ್ಪ ಮಗಳು ಹೋದಾಗ ಅವನು ಸುತ್ತಿಗೆ, ಗೋಡೆ ಕೊರೆಯುವ ಚಾಣ ಹಿಡಿದೇ ನಿಂತಿದ್ದ. ಅಕ್ಕಪಕ್ಕದ ಮನೆಗಳಲ್ಲಿ ರೇಡಿಯೋ, ಮಿಕ್ಸರು ನಡೆದಿದ್ದವು. ಈ ಮನೆಯೊಂದೇ ಸುಮ್ಮನಿತ್ತು. ಬಾಗಿಲಲ್ಲಿ ನಾಲ್ಕು ಮಂದಿ ಆಗಲೇ ಸೇರಿದ್ದರು. ತಮಾಷೆ ನೋಡುವುದಕ್ಕೆ ಯಾರಿಗೂ ಕರೆಯೋಲೆ ಬೇಕಿಲ್ಲವಲ್ಲ.

"ನೋಡ್ರಿ ಸಾಬ್ರ," ಎಂದು ಕಾಶಪ್ಪ ತನ್ನ ಟೆಸ್ಟರನ್ನು ಪ್ಲಗ್ಗಿನ ಒಂದು ತೂತಿಗೆ ಇಟ್ಟ. ಹತ್ತಿತು. ಇನ್ನೊಂದಕ್ಕೆ ಇಟ್ಟ. ಅಲ್ಲೂ ಹತ್ತಿತು. "ಎರಡರಾಗೂ ಕರೆಂಟು! ಫೇಸ್ ಇರೂ ಒಂದರಾಗ ಅಷ್ಟ ಹತ್ತಬೇಕು. ಗ್ವಾಡಿಯೊಳಗ ಫೇಸೂ ನ್ಯೂಟ್ರಲ್ಲೂ ಕೂಡ್ಯಾವ. ವೈರ್ ಎಳಿಯೂವಾಗ ಮ್ಯಾಲಿನ ಸಿಪ್ಪಿ ಸುಲದೈತಿ. ಹುಡಿಗಿ ಕೈಯಾಗ ಕೊಟ್ರ ಮತ್ತೇನಾಗತೈತಿ?"

ರಾಜಮಹ್ಮದನಿಗೆ ಮೈಯೆಲ್ಲ ಉರಿಯಿತು. ತನ್ನ ಟೆಸ್ಟರ್ ತೆಗೆದು ತಾನೇ ನೋಡಿದ. ಈ ತೂತಿನಲ್ಲಿ ಹತ್ತಿತು, ಆ ತೂತಿನಲ್ಲೂ ಹತ್ತಿತು. ಪಕ್ಕದ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಎಲ್ಲ ಕಡೆಯೂ ಹಾಗೇ. ಇಷ್ಟು ವರ್ಷ ಅವನು ನಂಬಿದ ಪುಟ್ಟ ದೀಪ ಇಂದು ಅವನ ಮಗಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಪೈಪು ಹೋದ ಗೋಡೆಗೆ ಅಂಟಿಕೊಂಡೇ ನೀಲಾಬಾಯಿಯ ಕುಣಿ ಮಗ್ಗ, ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥದ್ದು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಒಡಲಿನ ಹಾಸು, ಅಂದರೆ ಉದ್ದೆಳೆಗಳಿಗೆ, ಸೆರಗಿನ ಕೆಂಪು ರೇಷ್ಮೆ ಹಾಸನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಿದ್ದಳು. ಗೋಡೆ ಒಡೆದರೆ ಸಿಮೆಂಟಿನ ಧೂಳು ಅದರ ಮೇಲೇ ಬೀಳಬೇಕು. ಹಾಸು ಬಿಚ್ಚಿದರೆ ಆ ಕುಣಿಕೆಯ ಕೆಲಸವೆಲ್ಲ ಮಣ್ಣುಪಾಲು. ಅದರ ಜೊತೆಗೆ ಅರ್ಜುವಿನ ಹೆಸರೂ ಹೋಗುತ್ತದೆ. ಈ ಗೋಡೆ ಒಡೆದ ಸುದ್ದಿ ಸಂಜೆಯೊಳಗೆ ಹುನಗುಂದ ಮುಟ್ಟುತ್ತದೆ. ಆಮೇಲೆ ಅವಳ ಕೈಗೆ ಯಾರೂ ಒಂದು ಬಲ್ಬು ಸಹ ಕೊಡುವುದಿಲ್ಲ. ಇದೆಲ್ಲ ರಾಜಮಹ್ಮದನಿಗೆ ಒಂದೇ ಸಲಕ್ಕೆ ಹೊಳೆಯಿತು.

"ಆ ಗ್ವಾಡಿ ನಾ ಮಾಡಿದ್ದು," ಎಂದುಬಿಟ್ಟ. "ಹುಡಿಗಿದೇನೂ ತಪ್ಪಿಲ್ಲ. ಅಲ್ಲಿ ವೈರ್ ಎಳದಾಂವ ನಾನ."

ಸುಳ್ಳು ಹೇಳುವುದರಲ್ಲಿ ಅವನು ಕಚ್ಚಾ. ಕಿವಿ ಕೆಂಪಾದವು.

"ಅಬ್ಬಾ!" ಎಂದು ಅಪ್ಪನನ್ನು ತಡೆದ ಅರ್ಜುವಿನ ದನಿ ಚುರುಕಾಗಿತ್ತು. "ಆ ಗ್ವಾಡಿ ನಂದು. ವೈರ್ ಎಳದಾಕಿ ನಾನು. ಯಾರೂ ಸುತ್ತಿಗಿ ಎತ್ತಬ್ಯಾಡ್ರಿ. ಕಾಶಪ್ಪಣ್ಣಾರ, ಒಂದ ಮಾತು. ಫೇಸೂ ನ್ಯೂಟ್ರಲ್ಲೂ ಗ್ವಾಡ್ಯಾಗ ಕೂಡಿದ್ರ ಬಾಕ್ಸಿನಾಗಿನ ಎಂಸಿಬಿ ಸ್ವಿಚ್ ತಾನ ಬೀಳಬೇಕಿತ್ತಲ್ಲ? ಅದು ನಿಂತ ಐತಿ."

"ಎಂಸಿಬಿ ಕೆಟ್ಟಿರಬೇಕು," ಎಂದ ಕಾಶಪ್ಪ. ಅವನು ಅಷ್ಟು ಸುಲಭಕ್ಕೆ ಬಗ್ಗುವವನಲ್ಲ.

"ಹಂಗಾರ ನೋಡೂಣು." ಅವಳು ಮನೆಯಲ್ಲೆಲ್ಲ ಓಡಾಡಿ ಫ್ಯಾನು, ದೀಪಗಳ ಸ್ವಿಚ್ಚು ಆಫ್ ಮಾಡಿದಳು, ಟಿವಿಯ ಪ್ಲಗ್ ಕಿತ್ತಳು, ಫ್ರಿಜ್ಜಿನದು ಕಿತ್ತಳು. ಬಂದು ಅಪ್ಪನಿಗೇ ಹೇಳಿದಳು, "ಈಗ ನ್ಯೂಟ್ರಲ್ ನೋಡ್ರಿ."

ರಾಜಮಹ್ಮದ ಟೆಸ್ಟರ್ ಇಟ್ಟ. ಹತ್ತಿತು.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಕಾಶಪ್ಪ ಚಾಣವನ್ನು ಗೋಡೆಗೆ ಆನಿಸಿದ. ಅರ್ಜು ತುಟಿ ಕಚ್ಚಿಕೊಂಡು ಮೂಲೆ ಮೂಲೆ ನೋಡಿದಳು. ಅವಳ ಕಣ್ಣು ದೇವರ ಜಗಲಿಯ ಮೇಲೆ ನಿಂತಿತು. ಅಲ್ಲಿ ಕೆಂಪು ಪುಟ್ಟ ಬಲ್ಬು. ಕರೆಂಟಿಲ್ಲದೆ ಅದೂ ಕಪ್ಪಗಿತ್ತು. ಆದರೆ ಅದರ ಸ್ವಿಚ್ಚು ಆನ್ ಇತ್ತು. ಯಾರೂ ಮರೆತು ಸಹ ಮುಟ್ಟದಿರಲೆಂದು ನೀಲಾಬಾಯಿ ಅದರ ಮೇಲೆ ಟೇಪು ಅಂಟಿಸಿದ್ದಳು.

"ಮಾವಶಿ, ಅದೊಂದನ್ನ ಬಂದ್ ಮಾಡಬೇಕು," ಎಂದು ನೀಲಾಬಾಯಿಗೆ ಹೇಳಿದಳು.

"ಯವ್ವಾ, ದೇವರ ದೀಪ ಅದು!"

"ಹತ್ತಿಲ್ಲಲ್ಲ ಮಾವಶಿ."

"ಹತ್ತಲಿ ಬಿಡಲಿ, ನಾ ಮನ್ಯಾಗ ಕಾಲಿಟ್ಟಾಗಿಂದ ಬಂದ್ ಮಾಡಿಲ್ಲ." ಆದರೆ ಅವಳು ಒಮ್ಮೆ ಮಗ್ಗದ ಕಡೆ ನೋಡಿದಳು, ಒಮ್ಮೆ ಚಾಣದ ಕಡೆ ನೋಡಿದಳು. ಒಳಗೆ ಹೋಗಿ ಹಣತೆಗೆ ಎಣ್ಣೆ ಹಾಕಿ ತಂದು ಹಚ್ಚಿಟ್ಟಳು. ಕೈ ಮುಗಿದಳು. ಆಮೇಲೆ ತಾನೇ ಟೇಪು ಕಿತ್ತು ಸ್ವಿಚ್ಚು ಆಫ್ ಮಾಡಿದಳು.

ರಾಜಮಹ್ಮದ ಮತ್ತೆ ಟೆಸ್ಟರ್ ಇಟ್ಟ. ನ್ಯೂಟ್ರಲ್ಲಿನಲ್ಲಿ ಹತ್ತಲಿಲ್ಲ. ಫೇಸಿಗೆ ಇಟ್ಟ, ಹತ್ತಿತು. ಮತ್ತೆ ನ್ಯೂಟ್ರಲ್ಲಿಗೆ. ಕತ್ತಲು.

"ಈಗ ಫ್ಯಾನಿನ ಸ್ವಿಚ್ ಒಂದ ಹಾಕ್ತೇನಿ," ಎಂದಳು ಅರ್ಜು. ಹಾಕಿದಳು. ಫ್ಯಾನು ಅಲುಗಲಿಲ್ಲ. ಅಪ್ಪನ ಟೆಸ್ಟರಿನ ದೀಪ ಮಾತ್ರ ಪಟ್ಟನೆ ಹತ್ತಿತು. ತೆಗೆದಳು, ಆರಿತು.

ಕಾಶಪ್ಪನ ಚಾಣ ಗೋಡೆಯಿಂದ ತಾನಾಗಿಯೇ ಕೆಳಗಿಳಿಯಿತು. ಮೋಟಾರು ರಿಪೇರಿಯವನು, ಅರ್ಥವಾಗದೆ ಏನು? "ಅಂದ್ರ ಫೇಸಿನ ಕರೆಂಟು ಫ್ಯಾನಿನ ಒಳಗ ಹಾದು ಈ ಕಡೆ ಬರಾಕತ್ತೈತಿ," ಎಂದ.

"ಹೌದ್ರಿ. ಬಂದು ಮುಂದ ಹೋಗಾಕ ದಾರಿ ಇಲ್ಲ, ಅಲ್ಲೇ ನಿಂತೈತಿ. ನ್ಯೂಟ್ರಲ್ ಎಲ್ಲೋ ಕಡದೈತಿ. ಗ್ವಾಡ್ಯಾಗ ಫೇಸಿಗೆ ಕೂಡಿದ್ರ, ಸ್ವಿಚ್ ಬಂದ್ ಮಾಡಿದ್ರೂ ಹತ್ತತಿತ್ತು. ಆದ್ರ ಕೈ ಹಚ್ಚಬ್ಯಾಡ್ರಿ ಮತ್ತ, ಸ್ವಿಚ್ ಹಾಕಿದಾಗ ಈ ನ್ಯೂಟ್ರಲ್ಲೂ ಫೇಸಿನಂಗ ಹೊಡೀತೈತಿ."

"ಕಡದದ್ದಾರ ಎಲ್ಲಿ? ಗ್ವಾಡ್ಯಾಗ ಕಡದಿರಬೇಕಲ್ಲ?" ಎಂದ ಕಾಶಪ್ಪ.

"ಅದನ್ನ ಟೆಸ್ಟರ್ ಹೇಳೂದಿಲ್ಲ," ಎಂದಳು ಅರ್ಜು. "ಟೆಸ್ಟರ್ ಅಂದ್ರ ಇಲ್ಲಿ ಕರೆಂಟಿನ ವಾಸನಿ ಐತಿ ಅಂತ ಹೇಳತೈತಿ, ಅಷ್ಟ. ಎಲ್ಲಿಂದ ಬಂತು, ಕೆಲಸಕ್ಕ ಬರತೈತೇನು, ಅದಕ್ಕ ಗೊತ್ತಿಲ್ಲ. ಹತ್ತಲಿಲ್ಲಂದ್ರೂ ಪೂರಾ ನಂಬೂ ಹಂಗಿಲ್ಲ."

ರಾಜಮಹ್ಮದನ ಎದೆಗೆ ಈ ಮಾತು ಸ್ವಲ್ಪ ಚುಚ್ಚಿತು. ಆದರೆ ಅವಳು ಹೇಳಿದ ರೀತಿ ನೋಡಿ ಚುಚ್ಚಿದ್ದೂ ಹಿತವಾಯಿತು. ಖಾಸಿಂಸಾಬ ಇದ್ದಿದ್ದರೆ ಇವಳ ಬೆನ್ನು ಚಪ್ಪರಿಸುತ್ತಿದ್ದ ಎಂದುಕೊಂಡ.

ಅವಳು ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದಳು. ಹೋಲ್ಡರಿನಲ್ಲಿ ಹಳೆಯ ಗುಂಡು ಬಲ್ಬು, ಅದಕ್ಕೆ ಎರಡು ಉದ್ದನೆಯ ವೈರು. ಮೇನ್ ಬಾಕ್ಸಿನ ಮುಚ್ಚಳ ಬಿಚ್ಚಿ, ಮೇನ್ ಸ್ವಿಚ್ಚಿನ ಕೆಳಗಿನ ಎರಡು ತುದಿಗೆ ಎರಡೂ ವೈರು ಮುಟ್ಟಿಸಿದಳು. ಬಲ್ಬು ಝಗ್ ಎಂದು ಹತ್ತಿತು. ಅಂದರೆ ಕಂಬದಿಂದ ಇಲ್ಲಿಯವರೆಗೆ ಎಲ್ಲ ಸರಿ. ಫೇಸಿನ ವೈರನ್ನು ಅಲ್ಲೇ ಇಟ್ಟು, ಇನ್ನೊಂದನ್ನು ಹಿತ್ತಾಳೆ ಪಟ್ಟಿಗೆ ಸರಿಸಿದಳು. ಬಲ್ಬು ಆರಿತು.

ಮೇನ್ ಸ್ವಿಚ್ಚಿಗೂ ಪಟ್ಟಿಗೂ ನಡುವೆ ಇದ್ದದ್ದು ಗೇಣುದ್ದದ ಒಂದೇ ವೈರು. ಅದರ ಒಂದು ತುದಿ ಪಟ್ಟಿಯ ಮೊದಲನೇ ಸ್ಕ್ರೂ ಕೆಳಗಿತ್ತು.

ಅರ್ಜು ಮೇನ್ ಸ್ವಿಚ್ ಇಳಿಸಿದಳು, ಲ್ಯಾಂಪು ಹಿಡಿದು ಕರೆಂಟು ಹೋದದ್ದನ್ನು ಖಾತ್ರಿ ಮಾಡಿಕೊಂಡಳು, ಆ ವೈರನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದಳು. ಎಳೆದದ್ದೇ ತಡ, ಕೈಗೇ ಬಂತು. ತುದಿ ಸುಟ್ಟು ಕಪ್ಪಾಗಿತ್ತು. ಸಡಿಲವಾಗಿ ಕೂತ ವೈರು ಇಷ್ಟು ದಿನ ಕಾದು, ಕಿಡಿ ಹಾರಿ, ಕೊನೆಗೆ ಬಿಟ್ಟುಕೊಂಡಿತ್ತು. ಸ್ಕ್ರೂವಿನ ತಲೆಯ ಮೇಲೆ, ತೆಳ್ಳನೆಯ ತುದಿ ಜಾರಿ ಗೀಚಿದ ಗುರುತು.

ತೆಳ್ಳನೆಯ ತುದಿ ಯಾರದೆಂದು ಅಪ್ಪನಿಗೂ ಗೊತ್ತು, ಮಗಳಿಗೂ ಗೊತ್ತು.

ಅರ್ಜು ಅವನ ಕಡೆ ನೋಡಲಿಲ್ಲ. ಬಾಗಿಲ ಮಂದಿಗೆ ಕೇಳುವಂತೆ, "ಒಂದು ಸ್ಕ್ರೂ ಸಡ್ಲ ಆಗಿತ್ತು ಮಾವಶಿ. ಅದೇನ್ ದೊಡ್ಡದಲ್ಲ, ಯಾರದರ ಕೈಯಾಗ ಆಗತೈತಿ," ಎಂದಳು.

ಹಾಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಂದಿ, "ಹುಡುಗಿ ಸ್ಕ್ರೂ ಸಡಿಲ ಬಿಟ್ಟಳು, ತಾನೇ ಸರಿ ಮಾಡಿದಳು" ಎಂದು ಹೇಳಿಕೊಂಡು ಮನೆಗೆ ಹೋಗುತ್ತಿದ್ದರು. ರಾಜಮಹ್ಮದನಿಗೆ ಅದನ್ನು ಸಹಿಸಲಾಗಲಿಲ್ಲ. ಬಾಗಿಲಿಗೆ ಹೋಗಿ ನಿಂತು, ಚಹಾದಂಗಡಿಯಲ್ಲಿ ಮಾತಾಡುವ ಅದೇ ಗಂಟಲಿನಲ್ಲಿ ಕೂಗಿದ:

"ಕೇಳ್ರಿ ಎಲ್ಲಾರೂ! ಈ ಮನ್ಯಾಗ ಎಷ್ಟ ಸ್ಕ್ರೂ ಅದಾವೋ ಎಲ್ಲಾ ನನ್ನ ಮಗಳು ಬಿಗದಾಳ. ಒಂದೂ ಅಲಗಾಡಿಲ್ಲ. ಅಲಗಾಡಿದ್ದು ಒಂದ. ಅದನ್ನ ಬಿಗದಾಂವ ನಾನು, ಈ ರಾಜಮಹ್ಮದ! ಅದೂ ಟೆಸ್ಟರಿನಿಂದ. ಟೆಸ್ಟರ್ ಸ್ಕ್ರೂ ಬಿಗಿಯೂದಕ್ಕಲ್ಲ ಅಂತ ಇಕಿ ಸಾವಿರ ಸಲ ಹೇಳ್ಯಾಳ."

ಕಾಶಪ್ಪ ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. "ಸಾಬ್ರ," ಎಂದ ನಗುತ್ತ, "ಮಂದಿ ತಮ್ಮ ತಪ್ಪು ಹಿಂಗ ಮೆರವಣಿಗಿ ತಗದದ್ದು ನಾ ನೋಡಿದ್ದಿಲ್ಲ." ಅರ್ಜುವಿನ ಕಡೆ ತಿರುಗಿ, "ತಂಗಿ, ನಂದೂ ತಪ್ಪಾತು. ಕುಳಗೇರ್ಯಾಗ ನನ್ನ ಹೊಸಾ ಅಂಗಡಿ ವೈರಿಂಗ್ ಐತಿ. ಬಂದು ನೋಡ್ತೀಯೇನು?" ಎಂದ.

ಅರ್ಜು ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಪಟ್ಟಿಯಲ್ಲೇ ಪಕ್ಕದ ಖಾಲಿ ತೂತಿಗೆ ವೈರು ಕೂರಿಸಿದಳು. ಆಮೇಲೆ ದಪ್ಪ ತುದಿಯ ಸ್ಕ್ರೂಡ್ರೈವರನ್ನು ಅಪ್ಪನಿಗೆ ಚಾಚಿ, "ಕೊನೇದು, ಅಬ್ಬಾ. ಉಸ್ತಾದನ ಕೈ," ಎಂದಳು.

ರಾಜಮಹ್ಮದ ಕೈ ಮುಂದೆ ಚಾಚಲಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಕ್ಸಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.

"ಬಿಗಿ, ಉಸ್ತಾದ," ಎಂದ.