ಮೂವತ್ತೊಂದು ಅಂಕದ ಅತ್ತಿಗೆ

ಆಸ್ಪತ್ರೆಯ ನೇಮಕಾತಿ ವಿಭಾಗದಲ್ಲಿ ಅವಳನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಬಂದ ಅರ್ಜಿಗಳನ್ನು ಸೋಸುವುದು ಅವಳ ಕೆಲಸ. ಈಚೆಗೆ ಸೋಸುವುದನ್ನು ಒಂದು ಸಾಫ್ಟ್‌ವೇರ್‌ಗೆ ವಹಿಸಿದ್ದರು. ಹೆಸರು ಮಾತ್ರ ಅವಳಿಗೇ ಉಳಿದಿತ್ತು. ರೆಸ್ಯೂಮೆಯನ್ನು ಒಳಗೆ ಹಾಕಿದರೆ ಅದು ಪದಗಳನ್ನೂ ವರ್ಷಗಳನ್ನೂ ಹೆಕ್ಕಿಕೊಂಡು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅರವತ್ತು ದಾಟಿದವರು ಸಂದರ್ಶನಕ್ಕೆ. ದಾಟದವರಿಗೆ ವಿಷಾದದ ಇಮೇಲ್. ಅದನ್ನೂ ಯಂತ್ರವೇ ಕಳುಹಿಸುತ್ತಿತ್ತು. ವಿಷಾದಪಡುವಷ್ಟು ಪುರುಸೊತ್ತು ಅಲ್ಲಿ ಮನುಷ್ಯರಿಗೆ ಇರಲಿಲ್ಲ.

ಡಯಾಲಿಸಿಸ್ ಘಟಕಕ್ಕೆ ಇಬ್ಬರು ಟೆಕ್ನೀಷಿಯನ್‌ಗಳು ಬೇಕೆಂದು ಜಾಹೀರಾತು ಹೋಗಿತ್ತು. ಬರೆದವರು ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ಸಾಹೇಬರು. ರೆಸ್ಯೂಮೆಯ ಪ್ರತಿ ಪುಟಕ್ಕೂ ಅಭ್ಯರ್ಥಿ ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳುಹಿಸಬೇಕು, ಫೈಲು ಇನ್ನೂರು ಕೆಬಿ ಮೀರಬಾರದು ಎಂಬುದು ಅವರ ಷರತ್ತು. ಸಹಿ ಇಲ್ಲದ ಕಾಗದ ತಾಳಿ ಇಲ್ಲದ ಮದುವೆ ಎಂದು ಅವರು ಆಗಾಗ ಹೇಳುತ್ತಿದ್ದರು. ಇನ್ನೂರು ಕೆಬಿ ಏಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರಲಿಲ್ಲ.

ಅರ್ಜಿ ಹಾಕಿದವರಲ್ಲಿ ಜರಡಿಯ ಅತ್ತಿಗೆಯೂ ಒಬ್ಬಳು. ಅವಳು ಒಂದು ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಹತ್ತು ವರ್ಷ ಸೂಜಿ ಚುಚ್ಚಿ, ರಕ್ತ ತೊಳೆದು, ಯಂತ್ರ ಕಾದವಳು. ತಿಂಗಳ ಕೊನೆಗೆ ಆ ಕೇಂದ್ರ ಬಾಗಿಲು ಹಾಕಲಿತ್ತು. ಅಣ್ಣ ಸುಮ್ಮನಿರುವ ಜಾತಿಯವನಲ್ಲ. ಕೆಲಸ ಹೋದರೆ ಒಳ್ಳೆಯದೇ ಆಯಿತು, ಮನೆಯಲ್ಲೇ ಬಿದ್ದಿರಲಿ ಎಂದು ಆಗಲೇ ರಾಗ ಎಳೆಯತೊಡಗಿದ್ದ. ಒಮ್ಮೆ ಮನೆಯೊಳಗೆ ಕೂತರೆ ಮತ್ತೆ ಏಳಲು ಅವನು ಬಿಡುವುದಿಲ್ಲವೆಂಬುದು ಒಂದೇ ಮನೆಯಲ್ಲಿದ್ದ ಆ ಮೂವರಿಗೂ ಗೊತ್ತಿತ್ತು.

ಅಂಕಗಳು ಬಂದ ದಿನ ಜರಡಿ ಅತ್ತಿಗೆಯ ಹೆಸರಿನ ಮುಂದೆ ನೋಡಿದಳು. ಮೂವತ್ತೊಂದು. ಪಟ್ಟಿಯ ಮೇಲ್ತುದಿಯಲ್ಲಿ ಎಪ್ಪತ್ತಾರು ಪಡೆದವನೊಬ್ಬನಿದ್ದ. ಅವನು ಡಯಾಲಿಸಿಸ್ ಯಂತ್ರಗಳ ಫಿಲ್ಟರು ಮಾರುವ ಕಂಪನಿಯ ಮಾರಾಟ ಪ್ರತಿನಿಧಿ. ರೋಗಿಯ ಕೈ ಹಿಡಿದವನೇ ಅಲ್ಲ. ಆದರೆ ಅವನ ರೆಸ್ಯೂಮೆಯಲ್ಲಿ ಡಯಾಲಿಸಿಸ್ ಎಂಬ ಪದ ಸಾಲಿಗೊಂದರಂತೆ ಇತ್ತು.

ಅವಳು ಅತ್ತಿಗೆಯ ಫೈಲು ತೆರೆದಳು. ಕಣ್ಣಿಗೆ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು. ಅದನ್ನು ಟೈಪು ಮಾಡಿ ಸ್ಕ್ಯಾನ್ ಮಾಡಿಕೊಟ್ಟ ಝೆರಾಕ್ಸ್ ಅಂಗಡಿಯವನು ಚೆಂದಕ್ಕೆಂದು ಪುಟವನ್ನು ಎರಡು ಕಾಲಂಗಳಾಗಿ ಒಡೆದಿದ್ದ. ಎಡಗಡೆ ಓದು, ಬಲಗಡೆ ಕೆಲಸ. ಒಂದು ಪದವನ್ನು ಆರಿಸೋಣವೆಂದು ಮೌಸ್ ಎಳೆದಳು. ಪದ ಸಿಗಲಿಲ್ಲ. ಅದು ಅಕ್ಷರಗಳ ಫೈಲೇ ಅಲ್ಲ, ಬರೀ ಫೋಟೊ. ಗೋಡೆಗೆ ಬಳಿದ ಅಂಗಡಿ ಹೆಸರಿನ ಫೋಟೊದಿಂದ ಒಂದು ಅಕ್ಷರ ಕಿತ್ತುಕೊಳ್ಳಲು ಹೋದಂತೆ. ಅಂಥ ಫೈಲು ಬಂದಾಗ ಯಂತ್ರ ಚಿತ್ರವನ್ನು ನೋಡಿ ಯಾವ ಅಕ್ಷರವೆಂದು ಊಹಿಸಿ ಬರೆದುಕೊಳ್ಳುತ್ತದೆ. ಹಾಗೆ ಬರೆದುಕೊಂಡದ್ದನ್ನು ತೆರೆದಾಗ ಅವಳಿಗೆ ನಗು ಬಂತು, ತಮಾಷೆಯ ನಗುವಲ್ಲ.

ಇನ್ನೂರು ಕೆಬಿಗೆ ಇಳಿಸಲು ಅಂಗಡಿಯವನು ಚಿತ್ರವನ್ನು ಹಿಂಡಿದ್ದ. ಇಂಗ್ಲಿಷ್ ಅಕ್ಷರಗಳ ಅಂಚು ಕರಗಿತ್ತು. ಯಂತ್ರ ಎಮ್ ಅನ್ನು ಆರ್ ಮತ್ತು ಎನ್ ಎಂದು ಒಡೆದು ಓದಿತ್ತು, ಎಲ್ ಅನ್ನು ಒಂದು ಎಂದು. ಹೀಮೊಡಯಾಲಿಸಿಸ್ ಎಂಬ ಪದ ಇದ್ದ ಐದು ಕಡೆಯಲ್ಲಿ ಒಂದು ಕಡೆಯೂ ನೆಟ್ಟಗಿರಲಿಲ್ಲ. ಬೇಕಾದ ಪದಗಳ ಪಟ್ಟಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಅಂಕ. ಇಲ್ಲಿ ಯಾವುದೂ ಹೊಂದಿರಲಿಲ್ಲ. ಕೆಲಸದ ಇಸವಿಗಳಲ್ಲಿ ಸೊನ್ನೆಯ ಜಾಗದಲ್ಲಿ ಓ ಕೂತಿತ್ತು, ಒಂದರ ಜಾಗದಲ್ಲಿ ಎಲ್. ಅವು ಇಸವಿಗಳೆಂದೇ ಯಂತ್ರಕ್ಕೆ ತಿಳಿಯದೆ ಅನುಭವ ಸೊನ್ನೆ ಎಂದು ಬರೆದಿತ್ತು. ಎರಡು ಕಾಲಂಗಳನ್ನು ಅಡ್ಡಡ್ಡ ಒಂದೇ ಸಾಲಾಗಿ ಓದಿದ್ದರಿಂದ ಅತ್ತಿಗೆ ಪ್ರೌಢಶಾಲೆಯಲ್ಲಿ ರಾತ್ರಿಪಾಳಿ ಮಾಡಿದವಳಾಗಿದ್ದಳು. ಪುಟದ ಕೆಳಗೆ ಹಾಕಿದ ಸಹಿಯ ಬಾಲ ನೋಂದಣಿ ಸಂಖ್ಯೆಯ ಮೇಲೆ ಹಾದುಹೋಗಿ ಅದನ್ನೂ ನುಂಗಿತ್ತು.

ಉಳಿದ ಫೈಲುಗಳನ್ನು ತೆರೆದಳು. ಅರವತ್ತರ ಕೆಳಗಿದ್ದವರೆಲ್ಲ ಷರತ್ತು ಓದಿ, ಪ್ರಿಂಟು ತೆಗೆಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿಸಿದವರು. ಮೇಲಿದ್ದವರು ಷರತ್ತಿಗೆ ಕವಡೆ ಕಿಮ್ಮತ್ತು ಕೊಡದೆ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದನ್ನೇ ನೇರ ಕಳಿಸಿದವರು. ಹೇಳಿದ ಮಾತು ಕೇಳಿದವರನ್ನು ಹುಡುಕಿ ಹುಡುಕಿ ಹೊರಗೆ ಹಾಕುವ ಜರಡಿಯನ್ನು ಆಸ್ಪತ್ರೆ ಹಣ ಕೊಟ್ಟು ತಂದಿತ್ತು.

ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಸಾಹೇಬರಿಗೆ ತೋರಿಸಿದಳು. ಒಂದು ಅತ್ತಿಗೆಯ ರೆಸ್ಯೂಮೆ, ಒಂದು ಯಂತ್ರ ಅದನ್ನು ಓದಿದ ಬಗೆ. ಇದು ನನ್ನ ಅತ್ತಿಗೆಯದು ಎಂಬುದನ್ನೂ ಮೊದಲೇ ಹೇಳಿದಳು.

"ಓಹೋ. ಅತ್ತಿಗೆಯದಾ?" ಸಾಹೇಬರು ಕುರ್ಚಿಗೆ ಒರಗಿದರು. "ಈಗ ಗೊತ್ತಾಯ್ತು, ಮೆಷಿನ್ ಮೇಲೆ ಯಾಕೆ ಸಿಟ್ಟು ಅಂತ."

"ಅವರೊಬ್ಬರದ್ದಲ್ಲ ಸರ್. ಸ್ಕ್ಯಾನ್ ಮಾಡಿ ಕಳಿಸಿದ ಎಲ್ಲರದ್ದೂ ಹೀಗೇ ಆಗಿದೆ. ಟೈಪ್ ಮಾಡಿದ ಫೈಲನ್ನೇ ಮತ್ತೊಮ್ಮೆ ಕಳಿಸಿ ಅಂತ ಕೇಳಿದ್ರೆ ಸಾಕು. ಇಲ್ಲಾಂದ್ರೆ ನಾನೇ ಕೂತು ಓದ್ತೀನಿ."

"ನೀವು ಓದೋದಾದ್ರೆ ಮೆಷಿನ್ ಯಾಕೆ ತಂದಿದ್ದು? ಒಂದು ಫೈಲು ಸರಿಯಾಗಿ ಕಳಿಸೋಕೆ ಬರದವರು ರೋಗಿಗೆ ಸೂಜಿ ಸರಿಯಾಗಿ ಚುಚ್ತಾರಾ?"

"ನಾವು ಹೇಳಿದ ಹಾಗೇ ಕಳಿಸಿದಾರೆ ಸರ್. ಸಹಿ ಹಾಕದೆ ಕಳಿಸಿದವರು ಪಾಸಾಗಿದಾರೆ."

ಇದು ಸಾಹೇಬರಿಗೆ ನಾಟಿತು. ನಾಟಬೇಕಾದ ಕಡೆಯಲ್ಲಿ ಅಲ್ಲ. "ಸಹಿ ಹಾಕಿಲ್ವಾ? ಹಾಗಾದ್ರೆ ಅವರೆಲ್ಲ ಅನರ್ಹರು. ತೆಗೆದುಹಾಕಿ."

"ಆಗ ಪಟ್ಟೀಲಿ ಒಬ್ಬರೂ ಉಳಿಯಲ್ಲ ಸರ್."

"ಅರ್ಹರು ದೊರೆಯಲಿಲ್ಲ ಅಂತ ಬರೀರಿ. ಇದೇನು ದೊಡ್ಡ ವಿಷಯ?" ಅವರು ಎರಡೂ ಹಾಳೆಗಳನ್ನು ಅವಳ ಕಡೆ ತಳ್ಳಿದರು. "ಮತ್ತೆ ಈ ಮಾತು ಮನೇಲಾಗಲಿ ಬೀದೀಲಾಗಲಿ ಬಾಯಿ ಬಿಟ್ರೆ, ಸಂಬಂಧಿಕರಿಗೆ ಒಳಗಿನ ಗುಟ್ಟು ಹೇಳಿದ್ರಿ ಅಂತ ನಾನು ಬರೀಬೇಕಾಗುತ್ತೆ. ನಿಮ್ಮ ಕೆಲಸ ನಿಮಗೆ ಬೇಕಲ್ವಾ?"

ಬೇಕಿತ್ತು. ಅವಳು ಬರೆದಳು.

ಸಂಜೆ ಮನೆಗೆ ಬರುವಷ್ಟರಲ್ಲಿ ವಿಷಾದದ ಇಮೇಲ್ ಅವಳಿಗಿಂತ ಮುಂಚೆ ತಲುಪಿತ್ತು. ನಿಮ್ಮ ಅನುಭವ ಈ ಹುದ್ದೆಗೆ ಸಾಲದು ಎಂದಿತ್ತು. ಅಣ್ಣ ಅತ್ತಿಗೆಯ ಫೋನನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಓದುತ್ತಿದ್ದ. ಬೇರೆ ಯಾವ ಕಾಗದವನ್ನೂ ಅವನು ಅಷ್ಟು ಶ್ರದ್ಧೆಯಿಂದ ಓದಿದ್ದನ್ನು ಅವಳು ಕಂಡಿರಲಿಲ್ಲ.

"ಹತ್ತು ವರ್ಷ ಅದೇನು ಕಡಿದು ಕಟ್ಟೆ ಹಾಕಿದ್ದೆ? ಅನುಭವ ಸಾಲದಂತೆ. ಅವರೇನು ಹುಚ್ಚರಾ?"

ಅತ್ತಿಗೆ ಪಾತ್ರೆ ಒರೆಸುತ್ತಿದ್ದಳು. "ಅವರಿಗೆ ಇನ್ನೂ ಹೆಚ್ಚು ತಿಳಿದವರು ಬೇಕೇನೋ."

"ತಿಳಿದವರಂತೆ. ಸಣ್ಣ ಜಾಗದಲ್ಲಿದ್ದವರಿಗೆ ದೊಡ್ಡ ಜಾಗ ಯಾಕೆ ಅಂತ ನಾನು ಅವತ್ತೇ ಬಡ್ಕೊಂಡೆ." ತಂಗಿಯತ್ತ ತಿರುಗಿದ. "ನೀನೇ ಹೇಳೇ. ನಿಮ್ಮ ಆಫೀಸೇ ಅಲ್ವಾ?"

"ಅಂಕ ಹಾಕೋದು ಮೆಷಿನ್," ಎಂದಳು ಜರಡಿ.

"ಕೇಳಿದೆಯಾ? ಮೆಷಿನ್ ಸುಳ್ಳು ಹೇಳುತ್ತಾ?"

ಜರಡಿ ತಟ್ಟೆ ತೊಳೆಯಲು ಎದ್ದಳು. ಆ ವಾರವಿಡೀ ಅಣ್ಣ ಅದನ್ನೇ ಊಟದ ಜೊತೆ ಉಪ್ಪಿನಕಾಯಿಯಂತೆ ನೆಕ್ಕಿದ. ಅತ್ತಿಗೆ ಮೊದಲು ಉತ್ತರ ಕೊಡುತ್ತಿದ್ದಳು, ಆಮೇಲೆ ಬಿಟ್ಟಳು. ಒಂದು ದಿನ, ಹೌದೇನೋ, ನಾನು ಕಲಿತದ್ದು ಕಮ್ಮಿಯೇ ಇರಬೇಕು ಎಂದಳು. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ.

ಮರುವಾರ ಡಯಾಲಿಸಿಸ್ ಘಟಕದ ಹಿರಿಯ ಸಿಸ್ಟರ್ ಮೂರನೆಯ ಮಹಡಿಯ ನೇಮಕಾತಿ ವಿಭಾಗಕ್ಕೆ ಹತ್ತಿ ಬಂದಳು. ನಿವೃತ್ತಿಯ ಅಂಚಿನ ಹೆಂಗಸು. ಮೆಟ್ಟಿಲು ಹತ್ತಿದ ಏದುಸಿರು ಆರುವವರೆಗೂ ಮಾತಾಡಲಿಲ್ಲ, ಆಮೇಲೆ ನಿಲ್ಲಿಸಲಿಲ್ಲ.

"ಹಾಸಿಗೆ ಇದೆ, ಮೆಷಿನ್ ಇದೆ, ನೋಡ್ಕೊಳ್ಳೋಕೆ ಜನ ಇಲ್ಲ. ರೋಗಿಗಳನ್ನ ಬೇರೆ ಕಡೆ ಕಳಿಸ್ತಿದೀನಿ. ಅರ್ಹರು ದೊರೆಯಲಿಲ್ಲ ಅಂತ ಕಾಗದ ಕಳಿಸಿದೀರಲ್ಲ, ಊರಿಗೂರೇ ಒಣಗಿ ಹೋಯ್ತಾ?"

"ಸಿಸ್ಟಂ ಪ್ರಕಾರ ಯಾರೂ ಇಲ್ಲ ಸಿಸ್ಟರ್," ಎಂದರು ಸಾಹೇಬರು.

"ಸಿಸ್ಟಂ ಆಮೇಲೆ. ಬಂದ ಅರ್ಜಿ ಎಲ್ಲಾ ಪ್ರಿಂಟ್ ಕೊಡಿ."

ಸಾಹೇಬರು ಬೇಡವೆನ್ನಲು ಬಾಯಿ ತೆರೆದರು. ಸಿಸ್ಟರ್ ಮುಖ್ಯ ವೈದ್ಯರ ಹೆಸರನ್ನು ಎತ್ತಿದಳು. ಬಾಯಿ ಮುಚ್ಚಿತು. ಜರಡಿ ಪ್ರಿಂಟು ತೆಗೆದಳು, ಮೂಲೆಯಲ್ಲಿ ಯಂತ್ರ ಕೊಟ್ಟ ಅಂಕವೂ ಇತ್ತು. ಕಾಗದದ ಮೇಲೆ ಫೋಟೊ ಯಾವುದು, ಅಕ್ಷರ ಯಾವುದು ಎಂಬ ಭೇದವಿಲ್ಲ. ಸಿಸ್ಟರ್ ಕನ್ನಡಕ ಏರಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೇ ಓದಿದಳು.

"ಇದು ಮೂವತ್ತೆಂಟಾ? ಇದು ಮೂವತ್ತೊಂದಾ? ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟ್ರು ತೆಗೀಬೇಕು ಅಂತಿದಾರೆ. ನಾನು ಓದ್ತಿದೀನಿ. ನಿಮ್ಮ ಯಂತ್ರದ ಪೊರೆ ಯಾರು ತೆಗೀತಾರೆ?"

"ತಾಂತ್ರಿಕ ವಿಷಯ ನಿಮಗೆ ಅರ್ಥ ಆಗಲ್ಲ," ಎಂದರು ಸಾಹೇಬರು. ಅವರಿಗೂ ಆಗಿರಲಿಲ್ಲ.

ಸಿಸ್ಟರ್ ಐವರನ್ನು ಆರಿಸಿದಳು. ಅತ್ತಿಗೆಯ ಹಾಳೆ ಮೇಲಿತ್ತು. "ಇವರು ನನ್ನ ಅತ್ತಿಗೆ. ಇನ್ನು ಮುಂದಿನದ್ದರಲ್ಲಿ ನಾನಿರಲ್ಲ," ಎಂದು ಜರಡಿ ಹೇಳಿದಾಗ ಸಿಸ್ಟರ್ ಅವಳನ್ನು ಕನ್ನಡಕದ ಮೇಲಿಂದ ನೋಡಿದಳು. "ಅತ್ತಿಗೆ ಆದ್ರೆ ಏನಂತೆ, ಸೂಜಿ ಚುಚ್ಚೋದು ನೀನಲ್ವಲ್ಲ." ಅವಳನ್ನು ಮೆಟ್ಟಿಲವರೆಗೆ ಬಿಡಲು ಹೋದ ಜರಡಿ ಸಹಿ, ಸ್ಕ್ಯಾನಿನ ಕಥೆಯನ್ನೆಲ್ಲ ಹೇಳಿದಳು.

ಸಂದರ್ಶನದ ದಿನ ಜರಡಿ ಹೊರಗೆ ಮೆಟ್ಟಿಲ ಬಳಿ ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಸಾಹೇಬರ ದನಿ ಕೇಳಿಸಿತು. "ಮೊದಲು ನಿಮಗೆ ಮೂವತ್ತೊಂದು ಬಂದಿತ್ತು. ಆಮೇಲೆ ಏನು ಸುಧಾರಿಸಿಕೊಂಡಿರಿ?"

"ಏನೂ ಇಲ್ಲ," ಎಂದಳು ಅತ್ತಿಗೆ.

"ಯಾಕೆ ಅಷ್ಟು ಕಮ್ಮಿ ಬಂತು ಅಂತ ಗೊತ್ತಾ?"

ಉತ್ತರ ಕೊಟ್ಟವಳು ಸಿಸ್ಟರ್. "ಅವಳಿಗೇನು ಗೊತ್ತಾಗಬೇಕು? ಸಹಿ ಹಾಕಿ ಸ್ಕ್ಯಾನ್ ಮಾಡು ಅಂದಿದ್ದು ನೀವು. ಸ್ಕ್ಯಾನ್ ಮಾಡಿದ್ದನ್ನ ಓದೋಕೆ ಬರದ ಯಂತ್ರ ನಿಮ್ಮದು. ಹೊರಗೆ ನಿಂತಿದಾಳಲ್ಲ, ನಿಮ್ಮ ಆಫೀಸಿನ ಆ ಹುಡುಗಿ, ಆವತ್ತೇ ನಿಮಗೆ ಹೇಳಿದ್ಲಂತೆ. ಅಮ್ಮಾ, ಅದು ಬಿಡು. ಮಧ್ಯದಲ್ಲಿ ರೋಗಿಗೆ ರಕ್ತದೊತ್ತಡ ಬಿತ್ತು. ಮೊದಲು ಏನು ಮಾಡ್ತೀಯ?"

ಅತ್ತಿಗೆ ಮಾತಾಡಿದಳು. ಹದಿನೈದು ದಿನಗಳ ನಂತರ ಅವಳ ದನಿ ಮತ್ತೆ ಅವಳದೇ ಆಗಿತ್ತು. ತಲೆ ತಗ್ಗಿಸಿ ಕಾಲು ಮೇಲೆ ಮಾಡ್ತೀನಿ, ಮೆಷಿನ್ ರಕ್ತದಿಂದ ನೀರು ಎಳೆಯೋದನ್ನ ನಿಲ್ಲಿಸ್ತೀನಿ, ಸಲೈನ್ ಬಿಡ್ತೀನಿ, ಡಾಕ್ಟರನ್ನ ಕರೀತೀನಿ ಎನ್ನುತ್ತಿದ್ದಳು. ಸಿಸ್ಟರ್ ಸಾಕು ಎಂದಳು. ಸೋಮವಾರದಿಂದ ಬಾ ಎಂದಳು.

ಹೊರಗೆ ಬಂದ ಅತ್ತಿಗೆ ಮೆಟ್ಟಿಲ ಬಳಿ ನಿಂತಳು. ಜರಡಿ ನಗಲು ಹೋದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತಿಗೆ."

"ಯಾವಾಗಿಂದ?"

"ಅಂಕ ಬಂದ ದಿನದಿಂದ. ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು."

ಅತ್ತಿಗೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಅವರ ಗುಟ್ಟು ಅವರಿಗಿರಲಿ. ನಿಮ್ಮಣ್ಣ ದಿನಾ ನನ್ನನ್ನ ಹರಿದು ತಿಂತಿದ್ದಾಗ, ಇವಳಿಗೆ ಕೆಲಸ ಗೊತ್ತಿದೆ ಕಣೋ ಅನ್ನೋದಕ್ಕೆ ಯಾವ ಆಫೀಸಿನ ಪರ್ಮಿಷನ್ ಬೇಕಿತ್ತು?"

ಜರಡಿ ಅತ್ತಿಗೆಯ ಕೈ ಹಿಡಿಯಲು ಹೋದಳು.

"ಯಂತ್ರ ಬಿಡು. ಅದು ನನ್ನ ಜೊತೆ ಒಂದೇ ಮನೇಲಿ ಊಟ ಮಾಡಿಲ್ಲ," ಎಂದು ಅತ್ತಿಗೆ ಮೆಟ್ಟಿಲಿಳಿದಳು. ಕೆಳಗಿನ ಮಹಡಿಯಲ್ಲಿ ನಿಂತು, ಡಯಾಲಿಸಿಸ್ ಘಟಕ ಯಾವ ಕಡೆ ಎಂದು ಕಾವಲುಗಾರನನ್ನು ಕೇಳಿದಳು. ಜರಡಿಯನ್ನು ಕೇಳಬಹುದಿತ್ತು.