ತುಟಿ ಕೂಡುವ ಅಕ್ಷರ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಚಾನೆಲ್‌ನವರು ವಾಪಸ್ ಕಳಿಸಿದ ಕಂತನ್ನು ಅಡುಗೆಕಟ್ಟೆಯ ಮೇಲೆ ಮೊಬೈಲ್ ಒರಗಿಸಿಕೊಂಡು ನೋಡುತ್ತಿದ್ದೆ. ಅಳಿಲು ಮರಿ ಬಾಯಿ ತೆರೆದರೆ ಸಾಕು, ನಾನು ಬರೆಯದ ಮಾತು ಬರುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಹಿಂದಿ ಕಾರ್ಟೂನಿಗೆ ಕನ್ನಡದ ಮಾತು ಬರೆಯುವುದು ನನ್ನ ಹೊಟ್ಟೆಪಾಡು. ಅನುವಾದ ಅಂದುಕೊಂಡವರಿಗೆ ದೊಡ್ಡ ನಮಸ್ಕಾರ. ಅರ್ಥ ಬಂದರೆ ಆಯಿತೇ? ಅಕ್ಷರದ ಲೆಕ್ಕ ಕೂಡಬೇಕು, ಅದಕ್ಕಿಂತ ಹೆಚ್ಚಾಗಿ ತುಟಿ ಕೂಡಬೇಕು. ಪ, ಬ, ಮ ಅನ್ನುವಾಗ ಯಾರ ತುಟಿಯಾದರೂ ಮುಚ್ಚಿಕೊಳ್ಳುತ್ತದೆ, ಅಳಿಲಿನದೂ ಅಷ್ಟೇ. ಪರದೆಯ ಮೇಲೆ ಬಾಯಿ ಮುಚ್ಚಿದ ಹೊತ್ತಿಗೆ ನಮ್ಮ ಮಾತಿನಲ್ಲೂ ಅಂಥದೇ ಅಕ್ಷರ ಬೀಳಬೇಕು.

ಹಿಂದಿಯಲ್ಲಿ ‘ಭಾಗೋ!’ ಅಂದರೆ ಓಡು ಅಂತ. ಆದರೆ ನಾನು ಬರೆದಿದ್ದು ‘ಬೇಗ!’ ಹೆಚ್ಚುಕಡಿಮೆ ಅದೇ ಅರ್ಥ, ಅದೇ ಎರಡು ಅಕ್ಷರ, ಮೊದಲಿಗೇ ತುಟಿ ಕೂಡುತ್ತದೆ. ಮೊಬೈಲಿನಲ್ಲಿ ಅಳಿಲು ‘ಓಡೋ!’ ಅಂತ ಅರಚಿತು. ಸಾಕು ಅನ್ನುವ ‘ಬಸ್, ಬಸ್’ಗೆ ನಾನು ‘ಬಿಡ್, ಬಿಡ್’ ಅಂತ ಬರೆದಿದ್ದರೆ ಅಲ್ಲಿ ‘ಸಾಕ್, ಸಾಕ್’ ಅಂತಿತ್ತು. ನನ್ನನ್ನು ಹಿಡಿ ಅನ್ನುವ ‘ಪಕ್ಡೋ ಮುಝೇ’ಗೆ ಅಂತ ಒಂದು ಸಂಜೆಯೆಲ್ಲ ಕೂತು ‘ಬಾರೋ ಮುಟ್ಟು’ ಹುಡುಕಿದ್ದೆ. ಅದರ ಜಾಗದಲ್ಲಿ ‘ಎಲ್ಲಿ, ಹಿಡಿ’! ಅಳಿಲಿನ ಬಾಯಿ ಒಂದು ಹೇಳುತ್ತಿದೆ, ದನಿ ಇನ್ನೊಂದು.

ಚಾನೆಲ್‌ನವರ ಮಾತು ಚಿಕ್ಕದಾಗಿತ್ತು: ಬರವಣಿಗೆ ತುಟಿಗೆ ಹೊಂದುತ್ತಿಲ್ಲ, ಕೊನೆಯ ಕಂತೂ ಹೀಗೇ ಬಂದರೆ ಮುಂದಿನ ಸರಣಿಗೆ ಬೇರೆ ಬರಹಗಾರರು.

ಅಳಿಲಿಗೆ ದನಿ ಕೊಡುವವಳು ಯಾರು ಅಂದುಕೊಂಡಿರಿ? ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮಗುವಿನ ದನಿ ಚೆನ್ನಾಗಿ ತೆಗೆಯುತ್ತಾಳೆ ಅಂತ ಸ್ಟುಡಿಯೋಗೆ ಕೈಹಿಡಿದು ಕರೆದುಕೊಂಡು ಹೋದವಳು ನಾನೇ. ಈಚೆಗೆ ಅವಳು ನಮ್ಮ ಮನೆ ಕಡೆ ತಲೆಹಾಕಿರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಬರೀ ಮೆಸೇಜು. ಯಾವತ್ತೋ ಒಮ್ಮೆ ‘ಅಕ್ಕ, ನಾನೂ ಮಾತು ಬರೀಬಹುದಲ್ವಾ?’ ಅಂತ ಕೇಳಿದ್ದಳು. ಅವತ್ತು ನಕ್ಕು ಬಿಟ್ಟಿದ್ದೆ. ಈಗ ಎಲ್ಲ ಬಿಡಿಸಿ ಓದಿದ ಹಾಗಾಯಿತು. ನನ್ನ ಸಾಲು ಕೆಡಿಸು, ನನ್ನ ಹೆಸರು ಕೆಡಿಸು, ಆಮೇಲೆ ಆ ಕುರ್ಚಿಯಲ್ಲಿ ಕೂರು. ಎಲ್ಲಿ ಕಲಿತಳೋ ಇಷ್ಟೆಲ್ಲ!

ಕೊನೆಯ ಕಂತಿನ ರೆಕಾರ್ಡಿಂಗ್ ಅವತ್ತೇ ಇತ್ತು. ಆಟೋ ಹತ್ತಿದೆ.

ನಮ್ಮ ಸ್ಟುಡಿಯೋ ಅಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಯಂತ್ರ, ಇನ್ನೊಂದರಲ್ಲಿ ಮೈಕು, ಮಧ್ಯೆ ಗಾಜು. ರೆಕಾರ್ಡ್ ಮಾಡುವವನೂ ನಿರ್ದೇಶನ ಮಾಡುವವನೂ ಒಬ್ಬನೇ. ಸೊಳ್ಳೆ ಹಾರಿದರೂ ಕೇಳಿಸಿಕೊಳ್ಳುತ್ತಾನೆ ಅಂತ ಎಲ್ಲರೂ ಅವನನ್ನು ಕಿವಿ ಅನ್ನುತ್ತಾರೆ. ನಾನು ಒಳಗೆ ಬಂದಿದ್ದು ಮಾತ್ರ ಆ ಕಿವಿಗೆ ಕೇಳಲಿಲ್ಲ, ಹೆಡ್‌ಫೋನ್ ಹಾಕಿಕೊಂಡಿದ್ದ.

ಗಾಜಿನ ಆಚೆ ದೀಪ ಆರಿಸಿತ್ತು. ವಾರಗಿತ್ತಿ ನಮಗೆ ಬೆನ್ನು ತಿರುಗಿಸಿ, ವೇಲನ್ನು ಮೂಗಿನವರೆಗೆ ಸುತ್ತಿಕೊಂಡು ನಿಂತಿದ್ದಳು. ಇದೇನು ವೇಷ? ಕಳ್ಳತನ ಮಾಡುವವರಿಗೆ ಕತ್ತಲೆಯೇ ಬೇಕು ಅಂದುಕೊಂಡೆ.

ಹಿಂದಿಯ ಅಳಿಲು ಕೊಂಬೆಯ ಮೇಲಿಂದ ಗೆಳೆಯನನ್ನು ‘ಮೇರೇ ಪಾಸ್’, ನನ್ನ ಹತ್ತಿರ ಬಾ ಅಂತ ಕರೆಯಿತು. ನನ್ನ ಸಾಲು ‘ಮೇಲೆ ಬಾ.’ ಸ್ಪೀಕರಿನಲ್ಲಿ ಬಂದಿದ್ದು ‘ಹತ್ರ ಕೂರ್.’

“ಲೆಕ್ಕ ಸರಿ ಇದೆ,” ಅಂದ ಕಿವಿ ಮೈಕಿನಲ್ಲಿ. “ದನೀನ ನಾನು ಆಚೀಚೆ ಜರುಗಿಸಿ ತುಟಿಗೆ ಕೂರಿಸಿ ನೋಡ್ತೀನಿ.”

“ಏನ್ ಜರುಗಿಸ್ತೀಯೋ?” ಅಂದೆ ಹಿಂದಿನಿಂದ.

ಅವನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, “ಮೇಡಂ, ನಾನೇನೂ ಮಾಡಿಲ್ಲ” ಅಂದ. ನಾನಿನ್ನೂ ಏನೂ ಕೇಳಿರಲಿಲ್ಲ.

ಬಾಗಿಲು ತಳ್ಳಿ ಮೈಕಿನ ಕೋಣೆಗೆ ನುಗ್ಗಿದೆ. “ಏನೇ, ನನ್ನ ಸಾಲು ತಿದ್ದೋಕೆ ನಿನಗ್ಯಾರು ಹೇಳಿದ್ದು? ಕಂತು ವಾಪಸ್ ಬಂದಿದೆ, ಗೊತ್ತಾ? ಇದೂ ಬಂದ್ರೆ ನನ್ನ ಕೆಲಸ ಹೋಗತ್ತೆ. ಅದೇ ಬೇಕಿತ್ತಲ್ವಾ ನಿಂಗೆ?”

ಅವಳು ತಿರುಗಲಿಲ್ಲ. “ತಿರುಗಿ ಬಂತಾ?” ಅಂದಳು, ಅಷ್ಟೇ. ‘ಬಂತಾ’ ಅಂದಿದ್ದು ‘ವಂತಾ’ ಅಂತ ಕೇಳಿಸಿತು.

ನನ್ನ ಕೋಪ ಅಲ್ಲೇ ಮುಗ್ಗರಿಸಿತು. ಬೇಗ, ಬಿಡ್, ಬಾರೋ ಮುಟ್ಟು, ಮೇಲೆ ಬಾ. ತಿದ್ದಿದ ಸಾಲುಗಳೆಲ್ಲ ಸಾಲಾಗಿ ಎದುರಿಗೆ ಬಂದು ನಿಂತವು. ಅವಳು ನನ್ನ ಸಾಲುಗಳನ್ನು ತಿದ್ದಿರಲಿಲ್ಲ, ಅವುಗಳಲ್ಲಿದ್ದ ಪ, ಬ, ಮ ಅಕ್ಷರಗಳನ್ನು ತಪ್ಪಿಸಿಕೊಂಡು ಓಡಾಡಿದ್ದಳು.

“ಒಂದ್ಸಲ ‘ಮೇಲೆ ಬಾ’ ಅನ್ನು,” ಅಂದೆ.

ಅವಳು ವೇಲು ಕೆಳಗಿಳಿಸಿದಳು. ಮುಖದ ಎಡಗಡೆ ಜೋತುಬಿದ್ದಿತ್ತು, ಬಾಯಿಯ ಮೂಲೆ ಕೆಳಕ್ಕೆ ಎಳೆದುಕೊಂಡಿತ್ತು. ಆ ಕಡೆಯ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

“ಅಯ್ಯೋ, ನನ್ನ ತಾಯೀ! ಯಾವಾಗಿಂದ?”

“ಒಂದಿನ ಎದ್ದಾಗ ಹೀಗಾಗಿತ್ತು. ಕೆನ್ನೆಯ ನರ ಅಂತೆ, ಹುಷಾರಾಗತ್ತೆ ಅಂದ್ರು ಡಾಕ್ಟ್ರು. ಔಷಧಿ ತಗೋತಿದೀನಿ. ಉಳಿದದ್ದೆಲ್ಲ ಹೇಗೋ ಹೇಳ್ತೀನಿ ಅಕ್ಕ, ತುಟಿ ಒತ್ತೋ ಅಕ್ಷರ ವಂದ್ರೆ ಗಾಳಿ ಸೋರತ್ತೆ.”

“ನನಗೊಂದು ಮಾತು ಹೇಳೋಕೆ ಆಗಲಿಲ್ವಾ?”

“ಹೇಳಿದ್ರೆ ನೀವು ವೇರೆಯವರನ್ನ ಕರೀತಿದ್ರಿ.”

ಸುಳ್ಳಲ್ಲ. ಖಂಡಿತ ಕರೆಯುತ್ತಿದ್ದೆ. ಆಗಲೂ ಕರೆಯಬಹುದಿತ್ತು, ಫೋನ್ ಕೈಯಲ್ಲೇ ಇತ್ತು, ಮಗುವಿನ ದನಿ ತೆಗೆಯುವ ಇನ್ನಿಬ್ಬರ ನಂಬರ್ ಅದರಲ್ಲಿತ್ತು. ಒಂದು ಕರೆ ಮಾಡಿದರೆ ನನ್ನ ಕೆಲಸ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು. ಅವಳ ಕಣ್ಣು ನನ್ನ ಫೋನಿನ ಮೇಲೇ ಇತ್ತು. ಅವಳಿಗೂ ನನ್ನ ಮೇಲೆ ಅಷ್ಟೇ ಅನುಮಾನ, ಪಾಪ. ನನಗೆ ನಾಚಿಕೆಯಾಯಿತು.

ಕಿವಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಕೊನೇ ದೃಶ್ಯ ಒಂದು ಕಷ್ಟ ಇದೆ ಮೇಡಂ. ಕಳೆದುಹೋದ ಅಳಿಲಿಗೆ ತಾಯಿ ಸಿಗತ್ತೆ. ಪರದೆ ತುಂಬಾ ಮುಖ. ‘ಮಾ’ ಅನ್ನತ್ತೆ. ಅದಕ್ಕೆ ಬೇರೆ ಮಾತೇ ಇಲ್ಲ. ಹಳೇ ಕಂತಿಂದ ಒಂದು ‘ಅಮ್ಮ’ ತೆಗೆದು ಕೂರಿಸ್ಲಾ?”

ಹಾಕಿ ತೋರಿಸಿದ. ತುಟಿಯೇನೋ ಕೂಡಿತು.

“ತೆಗಿ ಅದನ್ನ,” ಅಂದೆ. “ಅದು ತಿನ್ನೋಕೆ ಕೇಳೋ ಅಮ್ಮ. ಇದು ಕಳಕೊಂಡು ಸಿಕ್ಕಿರೋ ಅಮ್ಮ.”

ಫೋನನ್ನು ಅವನ ಕೈಗೆ ಕೊಟ್ಟೆ. ಮೈಕಿನ ಪಕ್ಕ ಮೈ ಕಿರಿದು ಮಾಡಿಕೊಂಡು ನಿಂತು, ವಾರಗಿತ್ತಿಯ ಎಡಗೆನ್ನೆಗೆ ಅಂಗೈ ಆನಿಸಿದೆ. ಹೆಬ್ಬೆರಳಿಂದ ಅವಳ ಬಾಯಿಯ ಮೂಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿ ಒತ್ತಿದೆ. ತುಟಿಗೆ ತುಟಿ ತಾಗಿತು. ಹಿಂದಿಯಲ್ಲಿ ಒಂದೇ ಅಕ್ಷರ, ನಮ್ಮಲ್ಲಿ ಎರಡು. “ಅಳಿಲು ಬಿಕ್ಕತ್ತಲ್ಲ, ಆ ಉಸಿರಲ್ಲೇ ‘ಅ’ ಮುಗಿಸ್ಬಿಡು. ಬಾಯಿ ಮುಚ್ಚಿದಾಗ ನಾನು ಒತ್ತಿ ಹಿಡೀತೀನಿ. ಬಿಟ್ಟಾಗ ‘ಮ್ಮಾ.’ ಗೊತ್ತಾಯ್ತಾ?”

ತಲೆಯಾಡಿಸಿದಳು. ಮೊದಲ ಸಲ ನಾನೇ ತಡ ಮಾಡಿದೆ. ಎರಡನೆಯ ಸಲ ಇಬ್ಬರಿಗೂ ನಗು ಬಂದು ಕೆಟ್ಟಿತು. ಮತ್ತೊಮ್ಮೆ ಚಿತ್ರ ಓಡಿತು. ಅಳಿಲು ಬಿಕ್ಕಿತು, ಬಾಯಿ ಮುಚ್ಚಿತು. ನನ್ನ ಬೆರಳಿನ ಕೆಳಗೆ ಅವಳ ತುಟಿ ನಡುಗಿತು.

“ಅಮ್ಮಾ!”

ಕಿವಿ ಗಾಜಿನ ಆಚೆ ಹೆಡ್‌ಫೋನ್ ತೆಗೆದಿಟ್ಟು ಕಣ್ಣುಜ್ಜಿಕೊಂಡ. ಆಮೇಲೆ, “ಕೂಡ್ತು ಮೇಡಂ,” ಅಂದ.

“ಮೊದಲಿಂದ ಹಾಕು,” ಅಂದೆ. “ಎಲ್ಲಾ ಸಾಲೂ ನಾನು ಬರೆದ ಹಾಗೇ ಹೇಳ್ತಾಳೆ.”

ಅವಳ ಆರೋಗ್ಯವಾಗಿದ್ದ ಕಣ್ಣಿಂದಲೂ ಮುಚ್ಚಲಾಗದ ಕಣ್ಣಿಂದಲೂ ನೀರು ಇಳಿದು ನನ್ನ ಅಂಗೈ ಒದ್ದೆಯಾಗಿತ್ತು.

“ಅವನು ಚಿತ್ರ ಹಿಂದಕ್ಕೆ ಹಾಕೋವರೆಗೆ ಕೈ ತೆಗೀಲಾ?” ಅಂತ ಕೇಳಿದೆ.

“ಬೇಡ,” ಅಂದಳು. ‘ಬ’ ಸ್ಪಷ್ಟವಾಗಿತ್ತು.